ಹಳೇ ವರ್ಷಗಳ ಬಾಕಿ ವೇತನ ಈ ವರ್ಷ ಒಟ್ಟಿಗೆ ಬಂದರೆ: ಕಲಂ 89ರ ರಿಲೀಫ್ ಮತ್ತು ಫಾರಂ 10ಇ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಶಾಲೆಯಲ್ಲಿ ಯಾರಿಗಾದರೂ ಅರಿಯರ್ಸ್ ಬಂತು ಅಂದರೆ ಸ್ಟಾಫ್ ರೂಮಿನಲ್ಲಿ ಎರಡು ದಿನ ಅದೇ ಮಾತು. ಮೂರನೇ ದಿನ ಟಿಡಿಎಸ್ ಕಟ್ಟಾಗಿದ್ದು ಗೊತ್ತಾದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಸಹೋದ್ಯೋಗಿಗಳ ರಿಟರ್ನ್ ತುಂಬಲು ಕೂತು ಕೂತು ನನಗೆ ಈ ಪ್ರಶ್ನೆಗಳು ಬಾಯಿಪಾಠವಾಗಿವೆ. ಇಲ್ಲಿರುವುದು 2025-26ರ ಹಣಕಾಸು ವರ್ಷದಲ್ಲಿ, ಅಂದರೆ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರ ಒಳಗೆ ಕೈಗೆ ಬಂದ ಬಾಕಿ ವೇತನದ ಲೆಕ್ಕ.

ಹಣ ಹಳೇ ವರ್ಷಗಳದ್ದು. ಹಾಗಿದ್ದ ಮೇಲೆ ಈ ವರ್ಷದ ಆದಾಯಕ್ಕೆ ಯಾಕೆ ಸೇರಿಸುತ್ತಾರೆ?

ಸಂಬಳಕ್ಕೆ ತೆರಿಗೆ ಬೀಳುವುದು ಅದು ಸಲ್ಲಬೇಕಾದಾಗ ಅಥವಾ ಕೈಗೆ ಬಂದಾಗ, ಎರಡರಲ್ಲಿ ಯಾವುದು ಮೊದಲೋ ಆಗ. ಬಾಕಿ ವೇತನಕ್ಕೆ ಹಳೇ ವರ್ಷಗಳಲ್ಲಿ ತೆರಿಗೆ ಬಿದ್ದಿರುವುದಿಲ್ಲ. ಆಗ ಬಡ್ತಿ ಆದೇಶವೇ ಆಗಿರಲಿಲ್ಲ, ಅಥವಾ ಕೇಸು ನ್ಯಾಯಾಲಯದಲ್ಲಿತ್ತು. ಹಾಗಾಗಿ ಹಣ ಕೊಟ್ಟ ವರ್ಷದಲ್ಲೇ ಅದನ್ನು ಆದಾಯಕ್ಕೆ ಸೇರಿಸಬೇಕು ಎಂದು ಆದಾಯ ತೆರಿಗೆ ಕಾಯ್ದೆಯ ಕಲಂ 15 ಹೇಳುತ್ತದೆ.

ಇದರಲ್ಲಿ ಒಂದು ಅನ್ಯಾಯ ಆಗುವ ಸಾಧ್ಯತೆ ಇದೆ. ಆಯಾ ವರ್ಷವೇ ಸಂಬಳ ಕೊಟ್ಟಿದ್ದರೆ ಶೇ 5ರ ಹಂತದಲ್ಲಿ ಮುಗಿಯುತ್ತಿದ್ದ ತೆರಿಗೆ, ಎಲ್ಲವೂ ಒಂದೇ ವರ್ಷ ಬಂದಾಗ ಶೇ 20ರ ಹಂತಕ್ಕೆ ಏರಬಹುದು. ತಡ ಮಾಡಿದ್ದು ಕೊಡಬೇಕಾದವರು, ಜಾಸ್ತಿ ತೆರಿಗೆ ಕಟ್ಟುವುದು ನೀವು. ಹೀಗೆ ತಡವಾದ ಕಾರಣಕ್ಕೇ ಹೆಚ್ಚಾದ ತೆರಿಗೆಯನ್ನು ವಾಪಸ್ ಕೊಡುವುದು ಕಲಂ 89ರ ಕೆಲಸ. ಅದನ್ನು ಕೇಳಲು ಸಲ್ಲಿಸಬೇಕಾದದ್ದೇ ಫಾರಂ 10ಇ. ಕಚೇರಿಗಳಲ್ಲಿ ಇದನ್ನು ಈಗಲೂ ‘89(1) ರಿಲೀಫ್’ ಅನ್ನುತ್ತಾರೆ.

ಅಂದರೆ ಅರಿಯರ್ಸ್‌ಗೆ ತೆರಿಗೆಯೇ ಇರುವುದಿಲ್ಲವಾ?

ಇರುತ್ತದೆ. ರಿಲೀಫ್ ಅಂದರೆ ವಿನಾಯಿತಿ ಅಲ್ಲ. ಆ ಹಣ ಸರಿಯಾದ ಸಮಯಕ್ಕೆ ಬಂದಿದ್ದರೆ ಎಷ್ಟು ತೆರಿಗೆ ಬೀಳುತ್ತಿತ್ತೋ ಅಷ್ಟನ್ನು ಕಟ್ಟಲೇಬೇಕು. ಅದಕ್ಕಿಂತ ಮೇಲೆ ಬಿದ್ದ ಭಾಗ ಮಾತ್ರ ಕಳೆಯುತ್ತದೆ.

ಯಾವ ಯಾವ ಹಣಕ್ಕೆ ಇದು ಸಿಗುತ್ತದೆ?

ವೇತನ ಪರಿಷ್ಕರಣೆಯ ಬಾಕಿ, ತಡವಾದ ಕಾಲಮಿತಿ ಬಡ್ತಿಯ ವ್ಯತ್ಯಾಸ, ಅಮಾನತಿನ ಅವಧಿಯ ವೇತನ, ಹಿಂದಿನ ವರ್ಷದ ತುಟ್ಟಿಭತ್ಯೆಯ ಬಾಕಿ, ಇವೆಲ್ಲ ಬರುತ್ತವೆ. ನಿವೃತ್ತರ ಪಿಂಚಣಿಯೂ ಕಾಯ್ದೆಯ ಲೆಕ್ಕದಲ್ಲಿ ಸಂಬಳವೇ, ಆದ್ದರಿಂದ ಪಿಂಚಣಿ ಬಾಕಿಗೂ ಸಿಗುತ್ತದೆ. ಕುಟುಂಬ ಪಿಂಚಣಿ ಮಾತ್ರ ಸಂಬಳ ಅಲ್ಲ, ‘ಇತರ ಮೂಲಗಳ ಆದಾಯ’. ಆದರೂ ಅದರ ಬಾಕಿಗೆ ರಿಲೀಫ್ ಇದೆ. ಗಂಡ ತೀರಿಕೊಂಡು ಮೂರು ನಾಲ್ಕು ವರ್ಷ ಅಲೆದ ಮೇಲೆ ಪಿಂಚಣಿ ಮಂಜೂರಾದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ ದಯವಿಟ್ಟು ಹೇಳಿ.

ಬಾಕಿಯ ಜೊತೆ ನ್ಯಾಯಾಲಯ ಬಡ್ಡಿಯನ್ನೂ ಕೊಡಿಸಿದ್ದರೆ, ಆ ಬಡ್ಡಿ ಸಂಬಳ ಅಲ್ಲ. ಅದನ್ನು ಬೇರೆಯಾಗಿ ಇತರ ಮೂಲಗಳ ಆದಾಯದಲ್ಲಿ ತೋರಿಸಬೇಕು. ಫಾರಂ 10ಇಯ ಬಾಕಿ ವೇತನದ ಅಂಕಿಗೆ ಸೇರಿಸಬಾರದು.

ಏಪ್ರಿಲ್‌ನಿಂದ ಬರಬೇಕಿದ್ದ ತುಟ್ಟಿಭತ್ಯೆ ಅಕ್ಟೋಬರ್‌ನಲ್ಲಿ ಬಂತು. ಅದಕ್ಕೂ ಇದೆಯಾ?

ಇಲ್ಲ. ಎರಡೂ ತಿಂಗಳು ಒಂದೇ ಹಣಕಾಸು ವರ್ಷದೊಳಗಿವೆ. ತಡವಾಗಿದ್ದರಿಂದ ತೆರಿಗೆಯಲ್ಲಿ ಒಂದು ರೂಪಾಯಿಯೂ ವ್ಯತ್ಯಾಸ ಆಗಿಲ್ಲ. ಬಾಕಿಯ ಪಟ್ಟಿಯಲ್ಲಿ ಈ ವರ್ಷದ ತಿಂಗಳುಗಳು ಸೇರಿಕೊಂಡಿದ್ದರೆ ಅವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಲೆಕ್ಕ ಹೇಗೆ ಮಾಡುವುದು? ಒಂದು ಉದಾಹರಣೆ ಕೊಡಿ.

ಲೆಕ್ಕಕ್ಕೆ ಎರಡು ಭಾಗ. ಮೊದಲನೆಯದು ಈ ವರ್ಷದ್ದು: ಬಾಕಿ ಸೇರಿಸಿ ತೆರಿಗೆ ಎಷ್ಟು, ಸೇರಿಸದೆ ಎಷ್ಟು, ವ್ಯತ್ಯಾಸ ಎಷ್ಟು. ಎರಡನೆಯದು ಹಳೇ ವರ್ಷಗಳದ್ದು: ಬಾಕಿಯನ್ನು ಆಯಾ ವರ್ಷಕ್ಕೆ ಹಂಚಿ, ಪ್ರತಿ ವರ್ಷಕ್ಕೂ ಅದೇ ರೀತಿ ವ್ಯತ್ಯಾಸ ತೆಗೆದು, ಎಲ್ಲವನ್ನೂ ಕೂಡಬೇಕು. ಮೊದಲ ಮೊತ್ತದಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ರಿಲೀಫ್.

ಅನುದಾನಿತ ಪ್ರೌಢಶಾಲೆಯ ಒಬ್ಬ ಶಿಕ್ಷಕಿ ಇದ್ದಾರೆ ಎಂದುಕೊಳ್ಳಿ. ಅವರ ಬಡ್ತಿಯ ತಕರಾರು ಬಗೆಹರಿದು 2025ರ ನವೆಂಬರ್‌ನಲ್ಲಿ 3,50,000 ರೂಪಾಯಿ ಬಾಕಿ ಬಂತು. ಅದರಲ್ಲಿ 80,000 ರೂಪಾಯಿ 2017-18ಕ್ಕೆ, 1,20,000 ರೂಪಾಯಿ 2018-19ಕ್ಕೆ, 1,50,000 ರೂಪಾಯಿ 2019-20ಕ್ಕೆ ಸೇರಿದ್ದು. ಬಾಕಿ ಬಿಟ್ಟು ಈ ವರ್ಷದ ಸಂಬಳ 13,75,000. ಅವರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ತೆರಿಗೆ ಬೀಳುವ ಆದಾಯ 13,00,000.

ಈ ವರ್ಷದ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಆಮೇಲೆ ಪ್ರತಿ 4 ಲಕ್ಷಕ್ಕೆ ಶೇ 5, 10, 15, 20 ಹೀಗೆ ಏರುತ್ತದೆ. 13 ಲಕ್ಷಕ್ಕೆ ತೆರಿಗೆ 75,000, ಶೇ 4ರ ಸೆಸ್ ಸೇರಿ 78,000. ಬಾಕಿ ಸೇರಿಸಿದರೆ ಆದಾಯ 16,50,000. ಅದಕ್ಕೆ ತೆರಿಗೆ 1,30,000, ಸೆಸ್ ಸೇರಿ 1,35,200. ಅಲ್ಲಿಗೆ ಬಾಕಿಯಿಂದಾಗಿ ಈ ವರ್ಷ ಹೆಚ್ಚಾದ ತೆರಿಗೆ 57,200 ರೂಪಾಯಿ.

ಈಗ ಹಳೇ ವರ್ಷಗಳಿಗೆ ಹೋಗೋಣ. ಆಗ ಹೊಸ ಪದ್ಧತಿ ಇರಲೇ ಇಲ್ಲ. ಎರಡೂವರೆ ಲಕ್ಷದಿಂದ 5 ಲಕ್ಷದವರೆಗೆ ಶೇ 5, ಅಲ್ಲಿಂದ 10 ಲಕ್ಷದವರೆಗೆ ಶೇ 20. ಸೆಸ್ 2017-18ರಲ್ಲಿ ಶೇ 3 ಇತ್ತು, 2018-19ರಿಂದ ಶೇ 4 ಆಯಿತು. ಟೀಚರ್ ಆಗ ಸಲ್ಲಿಸಿದ್ದ ರಿಟರ್ನ್‌ಗಳಲ್ಲಿದ್ದ ಒಟ್ಟು ಆದಾಯವನ್ನು ಹಿಡಿದು ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

| ವರ್ಷ | ಆಗಿನ ಆದಾಯ | ಆ ವರ್ಷದ ಬಾಕಿ | ಸೇರಿಸಿದ ಆದಾಯ | ಹೆಚ್ಚಾಗುವ ತೆರಿಗೆ (ಸೆಸ್ ಸೇರಿ) |
|---|---|---|---|---|
| 2017-18 | 4,10,000 | 80,000 | 4,90,000 | 4,120 |
| 2018-19 | 4,30,000 | 1,20,000 | 5,50,000 | 14,040 |
| 2019-20 | 5,40,000 | 1,50,000 | 6,90,000 | 31,200 |

ಮೂರೂ ಕೂಡಿದರೆ 49,360. ಈ ವರ್ಷ ಹೆಚ್ಚಾದ 57,200ರಿಂದ ಇದನ್ನು ಕಳೆದರೆ 7,840 ರೂಪಾಯಿ ಉಳಿಯಿತು. ಟೀಚರ್‌ಗೆ ಸಿಗುವ ರಿಲೀಫ್ ಇಷ್ಟು. ಅವರು ಕೊನೆಗೆ ಕಟ್ಟಬೇಕಾದ ತೆರಿಗೆ 1,35,200ರ ಬದಲು 1,27,360.

2018-19ರ ಸಾಲನ್ನು ಒಮ್ಮೆ ಗಮನಿಸಿ. ಬಾಕಿ ಸೇರಿದಾಗ ಆದಾಯ 5 ಲಕ್ಷ ದಾಟಿತು. ಮೊದಲ 70,000ಕ್ಕೆ ಶೇ 5 ಬಿತ್ತು, ಉಳಿದ 50,000ಕ್ಕೆ ಶೇ 20. ಆದ್ದರಿಂದ ಹಳೇ ವರ್ಷದಲ್ಲಿ ಯಾವ ಹಂತದಲ್ಲಿದ್ದೆ ಎಂದು ಸುಮ್ನೆ ಅಂದಾಜು ಮಾಡಿ ಒಂದೇ ದರದಿಂದ ಗುಣಿಸಬೇಡಿ. ಎರಡು ಸಲ ಪೂರ್ತಿ ತೆರಿಗೆ ಲೆಕ್ಕ ಹಾಕಿ, ಆಮೇಲೆ ಕಳೆಯಿರಿ.

2019-20ರಲ್ಲಿ ನನಗೆ ಲಾಭ ಇಲ್ಲ. ಆ ವರ್ಷ ಬಿಟ್ಟು ಉಳಿದ ಎರಡು ವರ್ಷಕ್ಕೆ ಮಾತ್ರ ಕೇಳಬಹುದಾ?

ಆಗುವುದಿಲ್ಲ. ಲಾಭ ಕೊಡುವ ವರ್ಷ ಮಾತ್ರ ಆರಿಸಿಕೊಳ್ಳಲು ನಿಯಮ ಬಿಡುವುದಿಲ್ಲ. ಬಾಕಿ ಯಾವ ಯಾವ ವರ್ಷದ್ದೋ ಅಷ್ಟೂ ವರ್ಷಕ್ಕೆ ಹಂಚಲೇಬೇಕು.

ಅದೇ 3,50,000 ಬಂದ ನನ್ನ ಸಹೋದ್ಯೋಗಿಗೆ ರಿಲೀಫ್ ಸೊನ್ನೆ ಬಂತು. ಲೆಕ್ಕ ತಪ್ಪಿದೆಯಾ?

ತಪ್ಪಿಲ್ಲದೆಯೂ ಸೊನ್ನೆ ಬರಬಹುದು. ಈಚೆಗೆ ಇದು ಜಾಸ್ತಿ ಆಗುತ್ತಿದೆ, ಅದಕ್ಕೊಂದು ಕಾರಣ ಇದೆ.

ನಿಮ್ಮ ಸಹೋದ್ಯೋಗಿ ಆ ಮೂರೂ ವರ್ಷ 6 ಲಕ್ಷದ ಆಸುಪಾಸಿನ ಆದಾಯದಲ್ಲಿದ್ದರು ಎಂದುಕೊಳ್ಳಿ. ಆಗ ಪೂರ್ತಿ ಬಾಕಿ ಹಳೇ ಪದ್ಧತಿಯ ಶೇ 20ರ ಹಂತಕ್ಕೆ ಬೀಳುತ್ತದೆ. ಶೇ 4ರ ಸೆಸ್ ಸೇರಿಸಿದರೂ, 2017-18ರ ಶೇ 3 ಹಿಡಿದರೂ, ಹಳೇ ವರ್ಷಗಳ ಮೊತ್ತ 72,000ಕ್ಕಿಂತ ಮೇಲಾಗುತ್ತದೆ. ಈ ವರ್ಷ ಹೊಸ ಪದ್ಧತಿಯಲ್ಲಿ ಅದೇ ಹಣಕ್ಕೆ ಬಿದ್ದಿದ್ದು ಬರೀ 57,200. ಅಂದರೆ ತಡವಾಗಿ ಬಂದಿದ್ದರಿಂದ ಅವರಿಗೆ ತೆರಿಗೆ ಕಡಿಮೆಯೇ ಆಗಿದೆ. ಕಲಂ 89ಕ್ಕೆ ಇಲ್ಲಿ ಕೆಲಸ ಇಲ್ಲ.

ಒಂದು ಸಮಾಧಾನ: ವ್ಯತ್ಯಾಸ ಮೈನಸ್ ಬಂದರೆ ಅದನ್ನು ನಿಮ್ಮಿಂದ ವಸೂಲಿ ಮಾಡುವುದಿಲ್ಲ. ರಿಲೀಫ್ ಕೇಳಬೇಡಿ, ಫಾರಂ 10ಇ ಸಲ್ಲಿಸುವ ಅಗತ್ಯವೂ ಇಲ್ಲ. ಬಾಕಿಯನ್ನು ಈ ವರ್ಷದ ಆದಾಯದಲ್ಲಿ ತೋರಿಸಿದರೆ ಸಾಕು.

ಹೊಸ ಪದ್ಧತಿಯಲ್ಲಿ 89 ರಿಲೀಫ್ ಸಿಗುವುದಿಲ್ಲ ಅಂತ ಹೇಳ್ತಾರಲ್ಲ?

ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಹೋಗಿರುವುದು 80ಸಿ, ಎಚ್‌ಆರ್‌ಎಯಂಥ ಕಡಿತಗಳು. ಕಲಂ 89 ಕಡಿತವಲ್ಲ, ತೆರಿಗೆಯ ಮೇಲಿನ ರಿಲೀಫ್. ಅದು ಎರಡೂ ಪದ್ಧತಿಗೆ ಇದೆ.

ಹಾಗಾದರೆ ಈ ವರ್ಷ ಹಳೇ ಪದ್ಧತಿ ಆರಿಸಿದರೆ ರಿಲೀಫ್ ಹೆಚ್ಚು ಬರುತ್ತದೆಯಾ?

ಬರುತ್ತದೆ, ಆದರೆ ಅಲ್ಲೇ ಜನ ಮೋಸ ಹೋಗುವುದು. ನಮ್ಮ ಟೀಚರ್‌ಗೆ ಗೃಹ ಸಾಲದ ಬಡ್ಡಿ 2 ಲಕ್ಷ, 80ಸಿಯಲ್ಲಿ ಒಂದೂವರೆ ಲಕ್ಷ ಇದೆ ಎಂದುಕೊಳ್ಳೋಣ. ಹಳೇ ಪದ್ಧತಿಯ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ ಒಟ್ಟು 4 ಲಕ್ಷ ಕಳೆಯುತ್ತದೆ. ಬಾಕಿ ಬಿಟ್ಟು ಆದಾಯ 9,75,000, ತೆರಿಗೆ ಸೆಸ್ ಸೇರಿ 1,11,800. ಬಾಕಿ ಸೇರಿಸಿ 13,25,000, ತೆರಿಗೆ 2,18,400. ವ್ಯತ್ಯಾಸ 1,06,600. ಅದರಲ್ಲಿ ಹಳೇ ವರ್ಷಗಳ 49,360 ಕಳೆದರೆ ರಿಲೀಫ್ 57,240 ರೂಪಾಯಿ!

ಹೊಸ ಪದ್ಧತಿಯ 7,840ರ ಮುಂದೆ ಇದು ದೊಡ್ಡದಾಗಿ ಕಾಣುತ್ತದೆ. ಆದರೆ ಕೊನೆಗೆ ಕಟ್ಟುವುದು ಎಷ್ಟು ಅಂತ ನೋಡಿ. ಹಳೇ ಪದ್ಧತಿಯಲ್ಲಿ 2,18,400ರಿಂದ 57,240 ಕಳೆದು 1,61,160. ಹೊಸ ಪದ್ಧತಿಯಲ್ಲಿ 1,27,360. ದೊಡ್ಡ ರಿಲೀಫ್ ಆಸೆಗೆ ಹಳೇ ಪದ್ಧತಿಗೆ ಹೋದರೆ 33,800 ರೂಪಾಯಿ ಕೈಬಿಡುತ್ತದೆ. ರಿಲೀಫ್ ಎಷ್ಟು ಅಂತ ಹೋಲಿಸಬೇಡಿ, ರಿಲೀಫ್ ಕಳೆದ ಮೇಲೆ ಉಳಿಯುವ ತೆರಿಗೆಯನ್ನು ಹೋಲಿಸಿ. ನಿಮ್ಮ ಕಡಿತಗಳು ಇದಕ್ಕಿಂತ ಬಹಳ ಜಾಸ್ತಿ ಇದ್ದರೆ ಉತ್ತರ ಬೇರೆ ಬರಬಹುದು. ಎರಡನ್ನೂ ಹಾಕಿ ನೋಡುವುದು ಒಂದು ಗಂಟೆಯ ಕೆಲಸ.

ಹಳೇ ವರ್ಷಗಳಿಗೆ ಯಾವ ಪದ್ಧತಿಯ ದರ ಹಾಕಬೇಕು?

ಆಯಾ ವರ್ಷದ ದರ, ಆ ವರ್ಷ ನೀವು ಯಾವ ಪದ್ಧತಿಯಲ್ಲಿ ರಿಟರ್ನ್ ಸಲ್ಲಿಸಿದ್ದಿರೋ ಅದು. ಹೊಸ ಪದ್ಧತಿ ಶುರುವಾಗಿದ್ದೇ 2020-21ರಿಂದ. ಅದಕ್ಕಿಂತ ಹಿಂದಿನ ವರ್ಷಗಳಲ್ಲಿ ಇದ್ದದ್ದು ಒಂದೇ ಪದ್ಧತಿ. ಈ ವರ್ಷದ ಹಂತಗಳನ್ನು ಹಳೇ ವರ್ಷಕ್ಕೆ ಹಾಕಿದರೆ ಲೆಕ್ಕ ಪೂರ್ತಿ ಕೆಡುತ್ತದೆ.

ಬಾಕಿಯಿಂದಾಗಿ ನನ್ನ ಆದಾಯ 12 ಲಕ್ಷ ದಾಟಿತು. ತೆರಿಗೆ ಇದ್ದಕ್ಕಿದ್ದಂತೆ ಯಾಕೆ ಇಷ್ಟು ಏರಿತು?

2025-26ರ ಹೊಸ ಪದ್ಧತಿಯಲ್ಲಿ ತೆರಿಗೆ ಬೀಳುವ ಆದಾಯ 12 ಲಕ್ಷದವರೆಗೆ ಇದ್ದರೆ ಕಲಂ 87ಎ ರಿಬೇಟ್ ಸಿಕ್ಕಿ ಸಂಬಳದ ಮೇಲಿನ ತೆರಿಗೆ ಸೊನ್ನೆಯಾಗುತ್ತದೆ. ಈ 12 ಲಕ್ಷವನ್ನು ನೋಡುವುದು ಬಾಕಿ ಸೇರಿಸಿದ ಆದಾಯದ ಮೇಲೆ. 11,80,000 ಇದ್ದವರಿಗೆ 1 ಲಕ್ಷ ಬಾಕಿ ಬಂದರೆ 12,80,000 ಆಯಿತು. ರಿಬೇಟ್ ಹೋಯಿತು. ತೆರಿಗೆ 72,000, ಸೆಸ್ ಸೇರಿ 74,880. ಒಂದು ಲಕ್ಷ ಬಂದಿದ್ದರಲ್ಲಿ ಮುಕ್ಕಾಲು ಭಾಗ ಹೋದಂತೆ!

12 ಲಕ್ಷದ ಅಂಚನ್ನು ಸ್ವಲ್ಪವೇ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಅಂತ ಬೇರೆಯೇ ರಕ್ಷಣೆ ಇದೆ. 12,10,000 ಆದಾಯಕ್ಕೆ ಸೆಸ್ ಬಿಟ್ಟು 10,000ಕ್ಕಿಂತ ಜಾಸ್ತಿ ತೆರಿಗೆ ಬೀಳುವುದಿಲ್ಲ. ಆದರೆ 12,70,000 ದಾಟಿದ ಮೇಲೆ ಅದು ಹೆಚ್ಚುಕಡಿಮೆ ಮುಗಿದ ಹಾಗೆ.

ಇಂಥವರು ಫಾರಂ 10ಇಯನ್ನು ಖಂಡಿತ ಬಿಡಬಾರದು. ರಿಲೀಫ್ ನಿಜವಾಗಿ ಬೇಕಾಗಿರುವುದು ಇವರಿಗೇ. ಬಾಕಿ ಇಲ್ಲದಿದ್ದರೆ ಕೈಯಿಂದ ಕಟ್ಟಬೇಕಾಗಿದ್ದ ತೆರಿಗೆ, ಬಾಕಿ ಇದ್ದಾಗ ಕಟ್ಟಬೇಕಾದ ತೆರಿಗೆ, ಈ ಎರಡರ ವ್ಯತ್ಯಾಸ ಇಲ್ಲಿ ದೊಡ್ಡದು. ರಿಬೇಟ್ ಕಳೆದ ಅಂಕಿಯನ್ನೇ ಎರಡೂ ಕಡೆ ಹಿಡಿಯುವುದು ರೂಢಿ. ಮೊತ್ತ ದೊಡ್ಡದಾದ್ದರಿಂದ ಈ ಒಂದು ಸಂದರ್ಭದಲ್ಲಿ ಮಾತ್ರ ತೆರಿಗೆ ಸಲಹೆಗಾರರ ಹತ್ತಿರ ಕೂತು ಲೆಕ್ಕ ನೋಡಿಸಿಕೊಳ್ಳಿ ಅನ್ನುತ್ತೇನೆ. ಅವರ ಫೀಸು ಕೊಟ್ಟರೂ ನಷ್ಟವಿಲ್ಲ.

ಯಾವ ಕಾಗದಗಳು ಬೇಕು?

ಎರಡು ಬೇಕು. ಒಂದು, ಬಾಕಿಯನ್ನು ತಿಂಗಳುವಾರು ಬಿಡಿಸಿದ ಪಟ್ಟಿ. ಎಷ್ಟು ಬರಬೇಕಿತ್ತು, ಎಷ್ಟು ಬಂದಿತ್ತು, ವ್ಯತ್ಯಾಸ ಎಷ್ಟು ಎಂದು ತೋರಿಸುವ ಈ ಪಟ್ಟಿ ಇಲ್ಲದೆ ಬಾಕಿ ಬಿಲ್ ಪಾಸ್ ಆಗುವುದೇ ಇಲ್ಲ. ಹಾಗಾಗಿ ಅದು ಬಟವಾಡೆ ಅಧಿಕಾರಿಯ ಕಚೇರಿಯಲ್ಲಿ ಇದ್ದೇ ಇರುತ್ತದೆ. ಪ್ರತಿ ಕೇಳಿ ಪಡೆಯಿರಿ. ಅದನ್ನು ಹಣಕಾಸು ವರ್ಷಗಳಿಗೆ ಹಂಚುವಾಗ ಒಂದು ಎಚ್ಚರ: ಆ ವರ್ಷದ ಫಾರಂ 16ರಲ್ಲಿ ನಿಮ್ಮ ಕಚೇರಿ ಯಾವ 12 ತಿಂಗಳ ಸಂಬಳ ತೋರಿಸಿತ್ತೋ, ಅದೇ 12 ತಿಂಗಳ ಬಾಕಿಯನ್ನು ಆ ವರ್ಷಕ್ಕೆ ಹಾಕಿ. ಇಲ್ಲದಿದ್ದರೆ ಒಂದು ತಿಂಗಳ ಹಣ ಆಚೀಚೆ ಆಗುತ್ತದೆ.

ಎರಡು, ಹಳೇ ವರ್ಷಗಳ ರಿಟರ್ನ್. ನಮಗೆ ಬೇಕಾದ ಅಂಕಿ ‘ಒಟ್ಟು ಆದಾಯ’, ಅಂದರೆ ಎಲ್ಲ ಕಡಿತ ಕಳೆದ ಮೇಲಿನದು. ಮನೆಯಲ್ಲಿ ಪ್ರತಿ ಸಿಗದಿದ್ದರೂ ಚಿಂತೆ ಬೇಡ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗಿ e-File → Income Tax Returns → View Filed Returns ಒತ್ತಿದರೆ ಆನ್‌ಲೈನಿನಲ್ಲಿ ಸಲ್ಲಿಸಿದ ಹಳೇ ರಿಟರ್ನ್‌ಗಳು ಸಿಗುತ್ತವೆ.

ಬಾಕಿ ಅಂದರೆ ಬ್ಯಾಂಕಿಗೆ ಬಂದ ಮೊತ್ತವಾ?

ಅಲ್ಲ. ಇದು ನಾನು ಅತಿ ಹೆಚ್ಚು ಸಲ ಕಂಡ ತಪ್ಪು. 3,50,000 ಬಾಕಿಯಲ್ಲಿ ಟಿಡಿಎಸ್, ಜಿಪಿಎಫ್ ಅಥವಾ ಎನ್‌ಪಿಎಸ್ ಕಡಿತವಾಗಿ ಬ್ಯಾಂಕಿಗೆ 2,70,000 ಬಂದಿರಬಹುದು. ಫಾರಂನಲ್ಲಿ ಹಾಕಬೇಕಾದದ್ದು ಕಡಿತಕ್ಕೆ ಮುಂಚಿನ 3,50,000. ವರ್ಷವಾರು ಹಂಚಿದ ಅಂಕಿಗಳನ್ನು ಕೂಡಿದಾಗ ಅಷ್ಟೇ ಬರಬೇಕು. ಬರದಿದ್ದರೆ ಎಲ್ಲೋ ಒಂದು ವರ್ಷ ಬಿಟ್ಟುಹೋಗಿದೆ ಅಂತ ತಿಳಿಯಿರಿ.

ಫಾರಂ 10ಇ ಎಲ್ಲಿ, ಹೇಗೆ ತುಂಬುವುದು?

ಆನ್‌ಲೈನಿನಲ್ಲಿ ಮಾತ್ರ. ಪೋರ್ಟಲ್‌ನಲ್ಲಿ ಈ ದಾರಿಯಲ್ಲಿ ಹೋಗಿ:

```
e-File → Income Tax Forms → File Income Tax Forms
→ Persons without Business/Professional Income
→ Tax Exemption and Reliefs (Form 10E)
```

ಅಸೆಸ್‌ಮೆಂಟ್ ವರ್ಷ ಕೇಳುತ್ತದೆ. ಇಲ್ಲಿ ಹಣ ಬಂದ ವರ್ಷದ್ದನ್ನು ಹಾಕಬೇಕು, ಬಾಕಿ ಸೇರಿದ ಹಳೇ ವರ್ಷದ್ದಲ್ಲ. 2025-26ರಲ್ಲಿ ಬಂದ ಹಣಕ್ಕೆ 2026-27. ಆಮೇಲೆ ಬಾಕಿ ವೇತನ ಮತ್ತು ಕುಟುಂಬ ಪಿಂಚಣಿಗೆ ಇರುವ ಅನೆಕ್ಷರ್ 1 ಆರಿಸಿ. ಉಳಿದ ಅನೆಕ್ಷರ್‌ಗಳು ಗ್ರಾಚ್ಯುಯಿಟಿ, ಕೆಲಸ ಹೋದಾಗಿನ ಪರಿಹಾರದ ಹಣ, ಪಿಂಚಣಿ ಪರಿವರ್ತನೆಯಂಥವಕ್ಕೆ.

ಅನೆಕ್ಷರ್ 1ರಲ್ಲಿ ಮೇಲೆ ಈ ವರ್ಷದ ಅಂಕಿಗಳು, ಅದರ ಕೆಳಗಿನ ‘ಟೇಬಲ್ ಎ’ಯಲ್ಲಿ ಹಳೇ ವರ್ಷಗಳಿಗೆ ಒಂದೊಂದು ಸಾಲು. ಟೀಚರ್ ಆಗಿದ್ದರೆ ಮೇಲಿನ ನಮ್ಮ ಪಟ್ಟಿಯ ಮೂರೂ ಸಾಲು ಅಲ್ಲಿಗೆ ಹೋಗುತ್ತವೆ. ಕಾಗದದಲ್ಲಿ ಲೆಕ್ಕ ಮೊದಲೇ ಮಾಡಿಟ್ಟುಕೊಂಡಿದ್ದರೆ ತುಂಬಲು ಹದಿನೈದು ನಿಮಿಷ ಸಾಕು. ಕೊನೆಗೆ ಬರುವ ರಿಲೀಫ್ ಮೊತ್ತ ನಿಮ್ಮ ಕಾಗದದ ಅಂಕಿಗೆ ತಾಳೆಯಾಗಬೇಕು. ಆಮೇಲೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ. ವೆರಿಫೈ ಮಾಡದಿದ್ದರೆ ಸಲ್ಲಿಸಿದಂತೆ ಅಲ್ಲ. ಕಾಗದಗಳನ್ನು ಅಪ್‌ಲೋಡ್ ಮಾಡುವಂತಿಲ್ಲ. ಇಲಾಖೆ ಮುಂದೆ ಕೇಳಿದರೆ ತೋರಿಸಲು ಇಟ್ಟುಕೊಳ್ಳಿ.

ಮೊದಲು ರಿಟರ್ನ್ ಸಲ್ಲಿಸಿ, ಆಮೇಲೆ 10ಇ ಹಾಕಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. ಮೊದಲು 10ಇ, ಆಮೇಲೆ ರಿಟರ್ನ್. ರಿಟರ್ನ್‌ನಲ್ಲಿ ‘Relief u/s 89’ ಎಂಬ ಕಡೆ 10ಇಯಲ್ಲಿ ಬಂದ ಮೊತ್ತವನ್ನೇ ಹಾಕಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನಗೇ ಬಡ್ತಿ ಬಾಕಿ ಬಂದ ವರ್ಷ ರಿಟರ್ನ್ ತುಂಬಿಕೊಡುತ್ತಿದ್ದವರು ರಿಲೀಫ್ ಮೊತ್ತ ಸರಿಯಾಗಿಯೇ ಹಾಕಿದ್ದರು. ಫಾರಂ 10ಇ ಮಾತ್ರ ಹಾಕಿರಲಿಲ್ಲ. ರೀಫಂಡ್ ಬರುತ್ತದೆ ಅಂತ ನಾನು ಕಾಯುತ್ತಾ ಇದ್ದೆ. ಬಂದಿದ್ದು ಕಲಂ 143(1)ರ ಇಂಟಿಮೇಷನ್. ಅದರಲ್ಲಿ ಒಂದು ಕಡೆ ನಾನು ಕೇಳಿದ ಅಂಕಿ, ಪಕ್ಕದ ಇಲಾಖೆಯ ಕಾಲಮ್‌ನಲ್ಲಿ ಸೊನ್ನೆ. ರೀಫಂಡ್ ಇರಬೇಕಾದ ಕಡೆ ಬಡ್ಡಿ ಸಮೇತ ಕಟ್ಟಬೇಕಾದ ಮೊತ್ತ ಇತ್ತು. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಫಾರಂ ಇಲ್ಲ ಅಂತ ಇಡೀ ರಿಲೀಫ್ ಹೋಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ನನಗೂ ಹಾಗೇ ಇಂಟಿಮೇಷನ್ ಬಂದಿದೆ. ಈಗ ಏನು ಮಾಡಲಿ?

ಮೊದಲು ಫಾರಂ 10ಇಯನ್ನು ಅದೇ ಅಸೆಸ್‌ಮೆಂಟ್ ವರ್ಷಕ್ಕೆ ಸಲ್ಲಿಸಿ. ರಿಟರ್ನ್ ಪರಿಷ್ಕರಿಸುವ ಗಡುವು ಇನ್ನೂ ಮುಗಿದಿಲ್ಲವಾದರೆ ಪರಿಷ್ಕೃತ ರಿಟರ್ನ್ ಹಾಕುವುದು ಒಳ್ಳೆಯ ದಾರಿ. ಆಗ 10ಇ ಮೊದಲು, ರಿಟರ್ನ್ ಆಮೇಲೆ ಎಂಬ ಕ್ರಮ ಸರಿಹೋಗುತ್ತದೆ. ಗಡುವು ಮುಗಿದಿದ್ದರೆ ಪೋರ್ಟಲ್‌ನ Services → Rectification ಮೂಲಕ ಕಲಂ 154ರಡಿ ತಿದ್ದುಪಡಿ ಕೇಳಿ. ನಾನು ಮಾಡಿದ್ದು ಎರಡನೆಯದು. ನನ್ನದು ಒಪ್ಪಿಗೆಯಾಯಿತು, ಆದರೆ ತಡವಾದ 10ಇಯನ್ನು ಒಪ್ಪಲೇಬೇಕು ಎಂದು ಹಟ ಮಾಡುವಂತಿಲ್ಲ. ಇಂಟಿಮೇಷನ್ ಬಂದ ಮೇಲೆ ಹಣ ಕಟ್ಟಲು 30 ದಿನ ಇರುತ್ತದೆ, ಅದರೊಳಗೆ ಪೋರ್ಟಲ್‌ನಲ್ಲಿ ಉತ್ತರ ಕೊಡಿ. ಸುಮ್ಮನೆ ಕೂರಬೇಡಿ.

ಕಚೇರಿಯವರು ಟಿಡಿಎಸ್ ಹಿಡಿಯುವಾಗಲೇ ರಿಲೀಫ್ ಕೊಡಬಹುದಲ್ವಾ?

ಕೊಡಬಹುದು. ಸರ್ಕಾರ, ಕಂಪನಿ, ವಿಶ್ವವಿದ್ಯಾಲಯ, ಸ್ಥಳೀಯ ಸಂಸ್ಥೆ, ಸಹಕಾರ ಸಂಘ, ಇಂಥ ಸಂಸ್ಥೆಗಳ ನೌಕರರು 10ಇಯ ವಿವರ ಕೊಟ್ಟರೆ, ಬಟವಾಡೆ ಅಧಿಕಾರಿ ರಿಲೀಫ್ ಕಳೆದು ಉಳಿದದ್ದಕ್ಕೆ ಮಾತ್ರ ಟಿಡಿಎಸ್ ಹಿಡಿಯಲು ಕಲಂ 192(2ಎ)ಯಲ್ಲಿ ಅವಕಾಶ ಇದೆ. ಬಾಕಿ ಬಿಲ್ ತಯಾರಾಗುತ್ತಿದೆ ಎಂದು ಗೊತ್ತಾದ ಕೂಡಲೇ ಲೆಕ್ಕ ಮಾಡಿ ಕೊಟ್ಟುಬಿಡಿ. ಫೆಬ್ರುವರಿಯ ಕೊನೆ ಬಿಲ್‌ವರೆಗೆ ಕಾಯಬೇಡಿ. ಕುಟುಂಬ ಪಿಂಚಣಿಯವರಿಗೆ ಈ ದಾರಿ ಇಲ್ಲ, ಅವರು ರಿಟರ್ನ್‌ನಲ್ಲೇ ಕೇಳಬೇಕು.

ಕಚೇರಿ ರಿಲೀಫ್ ಕೊಟ್ಟಿದ್ದರೆ ಫಾರಂ 16ರಲ್ಲಿ ಅದಕ್ಕೆ ಒಂದು ಸಾಲು ಇರುತ್ತದೆ. ಅಷ್ಟಕ್ಕೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ನೀವು ಪೋರ್ಟಲ್‌ನಲ್ಲಿ 10ಇ ಸಲ್ಲಿಸಲೇಬೇಕು. ಕಚೇರಿಗೆ ಕೊಟ್ಟ ಕಾಗದ ಇಲಾಖೆಯ ಕಂಪ್ಯೂಟರಿಗೆ ಕಾಣುವುದಿಲ್ಲ.

ಹಳೇ ವರ್ಷಗಳ ರಿಟರ್ನ್‌ಗಳನ್ನು ಈಗ ಪರಿಷ್ಕರಿಸಬೇಕಾ?

ಬೇಡ. ಹಳೇ ವರ್ಷಗಳು ಲೆಕ್ಕಕ್ಕೆ ಮಾತ್ರ. ಆ ರಿಟರ್ನ್‌ಗಳನ್ನು ಮುಟ್ಟುವ ಹಾಗಿಲ್ಲ. ತೆರಿಗೆ ಕಟ್ಟುವುದು, ರಿಲೀಫ್ ಪಡೆಯುವುದು ಎರಡೂ ಈ ವರ್ಷದ ರಿಟರ್ನ್‌ನಲ್ಲೇ.

ನನ್ನ ಬಾಕಿ 2026ರ ಏಪ್ರಿಲ್‌ನಲ್ಲಿ ಬಂತು. ಇದೇ ಲೆಕ್ಕವಾ?

2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ, 2025 ಜಾರಿಗೆ ಬಂದಿದೆ. ಆ ದಿನದಿಂದ ಈಚೆಗೆ ಬಂದ ಬಾಕಿ ಹೊಸ ಕಾಯ್ದೆಗೆ ಸೇರುತ್ತದೆ, ಅದರ ರಿಟರ್ನ್ ಸಲ್ಲಿಸುವುದು 2027ರಲ್ಲಿ. ಕಲಂ 89ರ ಜಾಗದಲ್ಲಿ ಅಲ್ಲಿ ಕಲಂ 157 ಇದೆ. ಮಾರ್ಚ್ ಕೊನೆಗೆ ಬಿಲ್ ಪಾಸಾಗಿ ಏಪ್ರಿಲ್‌ನಲ್ಲಿ ಹಣ ಬಂದವರು ತಮ್ಮ ಬಾಕಿ ಯಾವ ವರ್ಷದ ಫಾರಂ 16ರಲ್ಲಿ ಸೇರಿದೆ ಎಂದು ಮೊದಲು ನೋಡಿಕೊಳ್ಳಿ. ಕಚೇರಿ ಒಂದು ವರ್ಷ ತೋರಿಸಿ, ನೀವು ಇನ್ನೊಂದು ವರ್ಷ ತೋರಿಸಿದರೆ ಟಿಡಿಎಸ್ ತಾಳೆಯಾಗದೆ ಎರಡೂ ರಿಟರ್ನ್ ಸಿಕ್ಕಿಹಾಕಿಕೊಳ್ಳುತ್ತವೆ.